35 ಡಿಗ್ರಿಯ ಕೋನ ಮತ್ತು ಬದಲಾಗದ ಮೂರು ಸಂಖ್ಯೆಗಳು: ಸೈನ್, ಕೊಸೈನ್, ಟ್ಯಾಂಜೆಂಟ್‌ಗಳನ್ನು ಅಳೆದು ಕಂಡುಕೊಳ್ಳುವ ಬಗೆ

ತ್ರಿಕೋನಮಿತಿಯ ಪಾಠ ಸಾಮಾನ್ಯವಾಗಿ ಮೂರು ಸೂತ್ರಗಳಿಂದ ಆರಂಭವಾಗುತ್ತದೆ. ವಿದ್ಯಾರ್ಥಿಗಳು ಅವುಗಳನ್ನು ಬಾಯಿಪಾಠ ಮಾಡುತ್ತಾರೆ, ಕೋಷ್ಟಕದಲ್ಲಿ ಬೆಲೆಗಳನ್ನು ನೋಡಿ ಲೆಕ್ಕವನ್ನೂ ಬಿಡಿಸುತ್ತಾರೆ. ಆದರೆ ತ್ರಿಭುಜ ಎಷ್ಟು ದೊಡ್ಡದೆಂದು ಯಾರೂ ಹೇಳದಿರುವಾಗ 35 ಡಿಗ್ರಿಯ ಸೈನ್ ಒಂದೇ ಒಂದು ಸಂಖ್ಯೆಯಾಗಿರುವುದು ಹೇಗೆ ಎಂಬ ಪ್ರಶ್ನೆ ಮಾತ್ರ ಹಲವರಲ್ಲಿ ಹಾಗೆಯೇ ಉಳಿದುಬಿಡುತ್ತದೆ. ಈ ಪ್ರಶ್ನೆಗೆ ಉತ್ತರವನ್ನು ಸೂತ್ರಕ್ಕಿಂತ ಮೊದಲು ಕಾಗದದ ಮೇಲೆ ಅಳೆದು ನೋಡುವುದೇ ಸರಿಯಾದ ಕ್ರಮವೆಂದು ನಾನು ನಂಬಿದ್ದೇನೆ. ಅದಕ್ಕೆ ಬೇಕಾಗುವುದು ಒಂದು ಬಿಳಿ ಹಾಳೆ, ಚೂಪಾದ ಪೆನ್ಸಿಲ್, ಅಳತೆಪಟ್ಟಿ, ಕೋನಮಾಪಕ ಮತ್ತು ಕಂಪಾಸ್ ಪೆಟ್ಟಿಗೆಯಲ್ಲಿರುವ ಸೆಟ್‌ಸ್ಕ್ವೇರ್.

ಹಾಳೆಯನ್ನು ಅಡ್ಡಲಾಗಿ ಇಟ್ಟುಕೊಂಡು ಕೆಳಭಾಗದಲ್ಲಿ 17 ಸೆಂ.ಮೀ. ಉದ್ದದ ರೇಖೆಯೊಂದನ್ನು ಎಳೆಯಿರಿ. ಅದರ ಎಡತುದಿಯನ್ನು ‘ಅ’ ಎಂದು ಕರೆಯೋಣ. ಕೋನಮಾಪಕದ ಕೇಂದ್ರವನ್ನು ‘ಅ’ ಬಿಂದುವಿನ ಮೇಲೆ ಸರಿಯಾಗಿ ಕೂರಿಸಿ 35 ಡಿಗ್ರಿಗೆ ಗುರುತು ಹಾಕಿ, ‘ಅ’ದಿಂದ ಆ ಗುರುತಿನ ಮೂಲಕ ಸುಮಾರು 20 ಸೆಂ.ಮೀ. ಉದ್ದದ ಓರೆ ರೇಖೆಯನ್ನು ಎಳೆಯಿರಿ. ಈಗ ಕೆಳಗಿನ ರೇಖೆಯ ಮೇಲೆ ‘ಅ’ದಿಂದ 6, 10 ಮತ್ತು 15 ಸೆಂ.ಮೀ. ದೂರದಲ್ಲಿ ಮೂರು ಚುಕ್ಕೆಗಳನ್ನಿಟ್ಟು, ಸೆಟ್‌ಸ್ಕ್ವೇರ್‌ನ ನೆರವಿನಿಂದ ಪ್ರತಿ ಚುಕ್ಕೆಯಿಂದಲೂ ಓರೆ ರೇಖೆಯನ್ನು ಮುಟ್ಟುವ ತನಕ ನೇರವಾಗಿ ಮೇಲಕ್ಕೆ ಲಂಬಗಳನ್ನು ಎಳೆಯಿರಿ. ಒಂದರೊಳಗೊಂದು ಕುಳಿತ ಮೂರು ಲಂಬಕೋನ ತ್ರಿಭುಜಗಳು ದೊರೆಯುತ್ತವೆ. ಮೂರಕ್ಕೂ ‘ಅ’ ಎಂಬ ಮೂಲೆ ಒಂದೇ.

ಅಳೆಯುವ ಮೊದಲು ಬಾಹುಗಳಿಗೆ ಹೆಸರಿಟ್ಟುಕೊಳ್ಳಬೇಕು, ಏಕೆಂದರೆ ಮುಂದಿನ ತಪ್ಪುಗಳಲ್ಲಿ ಹೆಚ್ಚಿನವು ಇಲ್ಲಿಯೇ ಹುಟ್ಟುತ್ತವೆ. ಲಂಬಕೋನಕ್ಕೆ ಎದುರಾಗಿರುವ, ಅತ್ಯಂತ ಉದ್ದವಾದ ಓರೆ ಬಾಹುವೇ ವಿಕರ್ಣ. ನಾವು ಆರಿಸಿಕೊಂಡ ‘ಅ’ ಕೋನಕ್ಕೆ ಎದುರಿಗಿರುವ ನಿಂತ ಬಾಹು ಅಭಿಮುಖ ಬಾಹು. ‘ಅ’ ಕೋನಕ್ಕೆ ತಾಗಿಕೊಂಡು ಮಲಗಿರುವ ಬಾಹು ಪಾರ್ಶ್ವ ಬಾಹು. ವಿಕರ್ಣದ ಹೆಸರು ಎಂದಿಗೂ ಬದಲಾಗುವುದಿಲ್ಲ, ಆದರೆ ಉಳಿದ ಎರಡು ಹೆಸರುಗಳು ಯಾವ ಕೋನದ ಬಳಿ ನಿಂತು ನೋಡುತ್ತಿದ್ದೇವೆ ಎಂಬುದನ್ನು ಅವಲಂಬಿಸಿವೆ. ಅದೇ ತ್ರಿಭುಜವನ್ನು ಮೇಲಿನ 55 ಡಿಗ್ರಿಯ ಮೂಲೆಯಿಂದ ನೋಡಿದರೆ ನಿಂತ ಬಾಹುವೇ ಪಾರ್ಶ್ವ ಬಾಹುವಾಗುತ್ತದೆ, ಮಲಗಿದ ಬಾಹು ಅಭಿಮುಖವಾಗುತ್ತದೆ. ಆದ್ದರಿಂದ ಕೋನವನ್ನು ಹೇಳದೆ ಅಭಿಮುಖ ಬಾಹು ಎಂದಷ್ಟೇ ಹೇಳುವುದಕ್ಕೆ ಅರ್ಥವಿಲ್ಲ.

ಈಗ ಅಳೆಯಿರಿ. ಚಿತ್ರವನ್ನು ಎಚ್ಚರದಿಂದ ಬರೆದಿದ್ದರೆ ಚಿಕ್ಕ ತ್ರಿಭುಜದ ಪಾರ್ಶ್ವ ಬಾಹು 6 ಸೆಂ.ಮೀ. ಇರುವಾಗ ಅಭಿಮುಖ ಬಾಹು 4.2, ವಿಕರ್ಣ 7.3 ಸೆಂ.ಮೀ. ಬರುತ್ತದೆ. ನಡುವಿನದರಲ್ಲಿ ಇವು ಕ್ರಮವಾಗಿ 10, 7.0 ಮತ್ತು 12.2; ದೊಡ್ಡದರಲ್ಲಿ 15, 10.5 ಮತ್ತು 18.3. ಬಾಹುಗಳ ಉದ್ದದಲ್ಲಿ ಸ್ಥಿರವಾದದ್ದು ಏನೂ ಇಲ್ಲ. ಅವುಗಳ ವ್ಯತ್ಯಾಸವೂ ಸ್ಥಿರವಲ್ಲ: ವಿಕರ್ಣದಿಂದ ಪಾರ್ಶ್ವ ಬಾಹುವನ್ನು ಕಳೆದರೆ 1.3, 2.2, 3.3 ಎಂದು ಬೆಳೆಯುತ್ತಲೇ ಹೋಗುತ್ತದೆ. ಕಳೆಯುವುದನ್ನು ಬಿಟ್ಟು ಭಾಗಿಸಿ ನೋಡಿದಾಗ ಮಾತ್ರ ಚಿತ್ರದ ಗುಟ್ಟು ಬಿಚ್ಚಿಕೊಳ್ಳುತ್ತದೆ. ಅಭಿಮುಖ ಬಾಹುವನ್ನು ಪಾರ್ಶ್ವ ಬಾಹುವಿನಿಂದ ಭಾಗಿಸಿದರೆ ಮೂರರಲ್ಲೂ 0.70. ಅಭಿಮುಖ ಬಾಹುವನ್ನು ವಿಕರ್ಣದಿಂದ ಭಾಗಿಸಿದರೆ 0.575, 0.574, 0.574. ಪಾರ್ಶ್ವ ಬಾಹುವನ್ನು ವಿಕರ್ಣದಿಂದ ಭಾಗಿಸಿದರೆ 0.822, 0.820, 0.820. ಮೂರನೆಯ ದಶಮಾಂಶ ಸ್ಥಾನದಲ್ಲಿ ಕಾಣುವ ಈ ಸಣ್ಣ ಏರುಪೇರು ಅಳತೆಪಟ್ಟಿಯದು, ತ್ರಿಭುಜದ್ದಲ್ಲ.

ಹೀಗೇಕೆ ಆಗುತ್ತದೆ ಎಂಬುದನ್ನು ತಿಳಿಯಲು ಕೆಳಗಿನ ರೇಖೆಯ ಮೇಲೆ ಪ್ರತಿ 1 ಸೆಂ.ಮೀ.ಗೆ ಒಂದೊಂದು ಲಂಬವನ್ನು ಎಳೆದಂತೆ ಊಹಿಸಿಕೊಳ್ಳಿ. ಓರೆ ರೇಖೆ ಎಲ್ಲಿಯೂ ಬಾಗುವುದಿಲ್ಲವಾದ್ದರಿಂದ, ಬಲಕ್ಕೆ 1 ಸೆಂ.ಮೀ. ಸರಿದಾಗಲೆಲ್ಲ ಅದು ಪ್ರತಿ ಸಲವೂ ಒಂದೇ ಪ್ರಮಾಣದಲ್ಲಿ, ಅಂದರೆ 0.7 ಸೆಂ.ಮೀ. ಮೇಲಕ್ಕೇರುತ್ತದೆ. ಇಂಥ ಒಂದೊಂದು ಏರಿಕೆಯನ್ನೂ ಒಂದು ಮೆಟ್ಟಿಲು ಎನ್ನೋಣ. ಮೊದಲ ಮೆಟ್ಟಿಲಿನ ಪುಟ್ಟ ತ್ರಿಭುಜವೂ ಹದಿನೈದನೆಯ ಮೆಟ್ಟಿಲಿನ ಪುಟ್ಟ ತ್ರಿಭುಜವೂ ಒಂದರ ಮೇಲೊಂದು ಇಟ್ಟರೆ ಸರಿಯಾಗಿ ಹೊಂದುವಂಥವು. ಆರು ಮೆಟ್ಟಿಲು ಸೇರಿದರೆ ಎತ್ತರ ಆರು ಸಲ 0.7, ಹದಿನೈದು ಸೇರಿದರೆ ಹದಿನೈದು ಸಲ 0.7. ವಿಕರ್ಣವೂ ಹೀಗೆಯೇ ಸಮಾನವಾದ ತುಂಡುಗಳಿಂದ ಬೆಳೆಯುತ್ತದೆ.

ಜ್ಯಾಮಿತಿಯ ಭಾಷೆಯಲ್ಲಿ ಹೇಳುವುದಾದರೆ, ಮೂರು ತ್ರಿಭುಜಗಳಲ್ಲೂ 35 ಡಿಗ್ರಿಯ ಒಂದು ಕೋನ ಮತ್ತು 90 ಡಿಗ್ರಿಯ ಒಂದು ಕೋನ ಇರುವುದರಿಂದ ಮೂರನೆಯದು 55 ಡಿಗ್ರಿ ಆಗಲೇಬೇಕು, ಕೋನಗಳು ಸಮವಾಗಿರುವ ತ್ರಿಭುಜಗಳು ಸಮರೂಪವಾಗಿರುತ್ತವೆ, ಮತ್ತು ಸಮರೂಪ ತ್ರಿಭುಜಗಳಲ್ಲಿ ಎಲ್ಲ ಬಾಹುಗಳೂ ಒಂದೇ ಪಟ್ಟು ಹಿಗ್ಗುತ್ತವೆ. ಚಿಕ್ಕ ತ್ರಿಭುಜದಿಂದ ದೊಡ್ಡದಕ್ಕೆ ಹೋಗುವಾಗ 6 ಎಂಬುದು 15 ಆಯಿತು, ಅಂದರೆ ಎರಡೂವರೆ ಪಟ್ಟು; 4.2 ಕೂಡ ಎರಡೂವರೆ ಪಟ್ಟಾಗಿ 10.5 ಆಯಿತು. ಒಂದನ್ನು ಇನ್ನೊಂದರಿಂದ ಭಾಗಿಸುವಾಗ ಈ ಎರಡೂವರೆ ಮೇಲೆಯೂ ಕೆಳಗೆಯೂ ಬಂದು ಹೊಡೆದುಹೋಗುತ್ತದೆ. ತ್ರಿಭುಜದ ಗಾತ್ರ ಅನುಪಾತದಿಂದ ಮಾಯವಾಗುವುದು ಹೀಗೆ. ಉಳಿಯುವುದು ಕೋನದ ಗುರುತು ಮಾತ್ರ.

ಆ ಮೂರು ಗುರುತುಗಳಿಗೆ ಇಟ್ಟ ಹೆಸರುಗಳೇ ಸೈನ್, ಕೊಸೈನ್ ಮತ್ತು ಟ್ಯಾಂಜೆಂಟ್.

```
sin 35° = ಅಭಿಮುಖ ಬಾಹು ÷ ವಿಕರ್ಣ ≈ 0.574
cos 35° = ಪಾರ್ಶ್ವ ಬಾಹು ÷ ವಿಕರ್ಣ ≈ 0.819
tan 35° = ಅಭಿಮುಖ ಬಾಹು ÷ ಪಾರ್ಶ್ವ ಬಾಹು ≈ 0.700
```

ಇಲ್ಲಿ ಸ್ವಲ್ಪ ನಿಂತು ಹೆಸರಿನ ಕಥೆಯನ್ನು ಹೇಳಬೇಕೆನಿಸುತ್ತದೆ. ಸೈನ್‌ಗೆ ಸಂಸ್ಕೃತದಲ್ಲಿದ್ದ ಹೆಸರು ಜ್ಯಾ, ಅಂದರೆ ಬಿಲ್ಲಿನ ಹೆದೆ. ಆರ್ಯಭಟನು ಕ್ರಿ.ಶ. 499ರ ಕಾಲದ ತನ್ನ ಕೃತಿಯಲ್ಲಿ ಕೊಟ್ಟದ್ದು ಅನುಪಾತವನ್ನಲ್ಲ. 3438 ಘಟಕಗಳ ತ್ರಿಜ್ಯವಿರುವ ವೃತ್ತವೊಂದನ್ನು ಇಟ್ಟುಕೊಂಡು ಅದರೊಳಗಿನ ಅರ್ಧ ಹೆದೆಯ ಉದ್ದಗಳನ್ನು. 30 ಡಿಗ್ರಿಗೆ ಆ ಉದ್ದ 1719, ಅಂದರೆ ತ್ರಿಜ್ಯದ ಸರಿಯಾಗಿ ಅರ್ಧ. ಅಲ್ಲಿ ತ್ರಿಜ್ಯವೇ ವಿಕರ್ಣ. ಎಲ್ಲರೂ ಒಂದೇ ವಿಕರ್ಣವನ್ನು ಒಪ್ಪಿಕೊಂಡರೆ ಉದ್ದವೇ ಸಾಕಾಗುತ್ತದೆ. ಆ ಉದ್ದವನ್ನು 3438ರಿಂದ ಭಾಗಿಸಿದರೆ ನಮ್ಮ ಇಂದಿನ ಸೈನ್, ಅಂದರೆ 0.5, ಬರುತ್ತದೆ. ಜ್ಯಾದ ಇನ್ನೊಂದು ರೂಪವಾದ ಜೀವಾ ಎಂಬ ಪದ ಅರಬ್ಬೀ ಬರಹದಲ್ಲಿ ಮಡಿಲು ಎಂಬರ್ಥದ ಬೇರೊಂದು ಪದದಂತೆ ಓದಲ್ಪಟ್ಟು, ಲ್ಯಾಟಿನ್‌ಗೆ ಅದೇ ಅರ್ಥದ ‘ಸೈನಸ್’ ಆಗಿ ಹೋಗಿ, ಕೊನೆಗೆ ಸೈನ್ ಆಗಿ ನಮ್ಮಲ್ಲಿಗೆ ಮರಳಿದೆ. ಕೊಸೈನ್ ಎಂಬುದು ಉಳಿದ ಲಘುಕೋನದ ಸೈನ್ ಅಷ್ಟೇ: 55 ಡಿಗ್ರಿಯ ಮೂಲೆಯಿಂದ ನೋಡಿದಾಗ ಬಾಹುಗಳ ಹೆಸರು ಅದಲುಬದಲಾಗುವುದರಿಂದ 35 ಡಿಗ್ರಿಯ ಕೊಸೈನ್ ಮತ್ತು 55 ಡಿಗ್ರಿಯ ಸೈನ್ ಎರಡೂ ಒಂದೇ ಸಂಖ್ಯೆ.

ನಿಮ್ಮ ಅಳತೆಗಳು ಮೇಲಿನಂತೆ ಬರದಿದ್ದರೆ ಕಾರಣವನ್ನು ಹುಡುಕುವುದು ಕಷ್ಟವಲ್ಲ. ಮೂರು ತ್ರಿಭುಜಗಳ ಅನುಪಾತಗಳು ಒಂದಕ್ಕೊಂದು ಹೊಂದದಿದ್ದರೆ ಓರೆ ರೇಖೆ ಬಾಗಿದೆ, ಲಂಬಗಳು ಪರಸ್ಪರ ಸಮಾಂತರವಾಗಿಲ್ಲ ಅಥವಾ ಯಾವುದೋ ಬಾಹುವನ್ನು ತಪ್ಪಾಗಿ ಅಳೆದಿದ್ದೀರಿ. ಮೂರೂ ಒಂದಕ್ಕೊಂದು ಹೊಂದಿಕೊಂಡೂ 0.70ಕ್ಕಿಂತ ಬೇರೆಯಾದ ಸಂಖ್ಯೆ ಬರುತ್ತಿದ್ದರೆ ಕೋನವೇ ತಪ್ಪಾಗಿದೆ ಅಥವಾ ಎಲ್ಲ ಲಂಬಗಳೂ ಒಂದೇ ಬದಿಗೆ ಒಂದೇ ಪ್ರಮಾಣದಲ್ಲಿ ವಾಲಿವೆ. ಈ ಎರಡನೆಯದು ಗಮನಿಸತಕ್ಕ ಸಂಗತಿ: ವಾಲಿದ ತ್ರಿಭುಜಗಳೂ ಪರಸ್ಪರ ಸಮರೂಪವಾಗಿಯೇ ಇರುವುದರಿಂದ ಅನುಪಾತ ಸ್ಥಿರವಾಗಿಯೇ ಬರುತ್ತದೆ, ಆದರೆ ಅದು ಟ್ಯಾಂಜೆಂಟ್ ಅಲ್ಲ. ಲಂಬಕೋನ ಸರಿಯಾಗಿದೆಯೇ ಎಂದು ತಿಳಿಯಲು ಪೈಥಾಗೊರಸ್ ಪ್ರಮೇಯ ಸಾಕು. ನಡುವಿನ ತ್ರಿಭುಜದಲ್ಲಿ 10ರ ವರ್ಗ ಮತ್ತು 7ರ ವರ್ಗ ಸೇರಿ 149; 12.2ರ ವರ್ಗ 148.84. ಇಷ್ಟು ಸಮೀಪ ಬಂದರೆ ಲಂಬ ನೇರವಾಗಿದೆ ಎನ್ನಬಹುದು.

ತ್ರಿಭುಜವನ್ನು ತೀರ ಚಿಕ್ಕದಾಗಿ ಬರೆಯಬಾರದು. ಪಾರ್ಶ್ವ ಬಾಹು 2 ಸೆಂ.ಮೀ. ಇದ್ದಾಗ ಎತ್ತರವನ್ನು 1.4ರ ಬದಲು 1.5 ಎಂದು ಒಂದೇ ಮಿಲಿಮೀಟರ್ ಹೆಚ್ಚಾಗಿ ಓದಿದರೂ ಅನುಪಾತ 0.75 ಆಗಿ, ಕೋನ ಸುಮಾರು 37 ಡಿಗ್ರಿ ಎಂದಂತಾಗುತ್ತದೆ, 15 ಸೆಂ.ಮೀ.ಯ ತ್ರಿಭುಜದಲ್ಲಿ ಅದೇ ತಪ್ಪು 0.707 ಅನ್ನಷ್ಟೇ ಕೊಡುತ್ತದೆ. ಇನ್ನು, ಕ್ಯಾಲ್ಕ್ಯುಲೇಟರ್‌ನಲ್ಲಿ sin 35 ಎಂದು ಒತ್ತಿದಾಗ ಋಣಸಂಖ್ಯೆಯಾದ −0.428 ಬಂದರೆ ಯಂತ್ರ ಡಿಗ್ರಿಯಲ್ಲಿಲ್ಲ, ರೇಡಿಯನ್‌ನಲ್ಲಿದೆ ಎಂದರ್ಥ. ಎರಡು ಉದ್ದಗಳ ಅನುಪಾತ ಋಣವಾಗಲಾರದು ಎಂಬ ತಿಳಿವಳಿಕೆಯೇ ಇಲ್ಲಿ ತಪ್ಪನ್ನು ಹಿಡಿದುಕೊಡುತ್ತದೆ. ಕೋನ ಇಮ್ಮಡಿಯಾದರೆ ಸೈನ್ ಕೂಡ ಇಮ್ಮಡಿಯಾಗುತ್ತದೆಂಬ ಊಹೆಯೂ ಹೀಗೆಯೇ ಬಿದ್ದುಹೋಗುತ್ತದೆ: 0.574ರ ಎರಡರಷ್ಟು ಒಂದನ್ನು ಮೀರುತ್ತದೆ, ಆದರೆ ಯಾವ ಬಾಹುವೂ ವಿಕರ್ಣಕ್ಕಿಂತ ಉದ್ದವಿರಲಾರದು.

ಈಗ ಅದೇ ಹಾಳೆಯನ್ನು ಹಿಡಿದು ಒಂದು ತೆಂಗಿನ ಮರದ ಬಳಿ ಹೋಗೋಣ. ಕೋನಮಾಪಕದ ಕೇಂದ್ರಕ್ಕೆ ದಾರ ಕಟ್ಟಿ, ದಾರದ ತುದಿಗೆ ಒಂದು ಕಬ್ಬಿಣದ ನಟ್ಟನ್ನು ತೂಗುಬಿಡಿ. ನೇರ ಅಂಚು ಮೇಲಕ್ಕಿರುವಂತೆ ಹಿಡಿದು, ಆ ಅಂಚಿನ ಉದ್ದಕ್ಕೂ ಮರದ ತುದಿಯನ್ನು ನೋಡಿ. ನೋಟ ನೆಲಕ್ಕೆ ಸಮತಲವಾಗಿದ್ದಾಗ ದಾರ 90 ಡಿಗ್ರಿಯ ಗೆರೆಯ ಮೇಲೆ ಬೀಳುತ್ತದೆ. ತುದಿಯನ್ನು ನೋಡುವಾಗ ಅದು 55ರ ಮೇಲೆ ಬಿದ್ದರೆ, 90ರಿಂದ ಕಳೆದು, ನೋಟದ ಕೋನ 35 ಡಿಗ್ರಿ ಎಂದು ತಿಳಿಯಬೇಕು. ನೀವು ಮರದಿಂದ 15 ಮೀಟರ್ ದೂರದಲ್ಲಿ ನಿಂತಿದ್ದು ನಿಮ್ಮ ಕಣ್ಣು ನೆಲದಿಂದ 1.5 ಮೀಟರ್ ಎತ್ತರದಲ್ಲಿದೆ ಎಂದಿಟ್ಟುಕೊಳ್ಳೋಣ. ಕಣ್ಣು, ಮರದ ತುದಿ ಮತ್ತು ಕಾಂಡದ ಮೇಲೆ ಕಣ್ಣಿನ ಮಟ್ಟದಲ್ಲಿರುವ ಬಿಂದು ಸೇರಿ ಮಾಡುವ ತ್ರಿಭುಜವು ನಿಮ್ಮ ಹಾಳೆಯ ಮೂರನೆಯ ತ್ರಿಭುಜದ ನೂರು ಪಟ್ಟು ದೊಡ್ಡ ರೂಪವಾಗಿದೆ. ಆದ್ದರಿಂದ ಅಭಿಮುಖ ಬಾಹು 15 × 0.70 = 10.5 ಮೀಟರ್, ಕಣ್ಣಿನ ಎತ್ತರವನ್ನು ಸೇರಿಸಿದರೆ ಮರ 12 ಮೀಟರ್. ಕಣ್ಣಿನ ಎತ್ತರವನ್ನು ಸೇರಿಸಲು ಮರೆಯುವವರೇ ಹೆಚ್ಚು.

ಈ ಲೆಕ್ಕ ನಿಲ್ಲುವುದು ನೆಲ ಸಮತಟ್ಟಾಗಿದ್ದಾಗ ಮತ್ತು ಮರ ನೆಟ್ಟಗಿದ್ದಾಗ. ತೆಂಗು ಸಾಮಾನ್ಯವಾಗಿ ವಾಲಿಕೊಂಡೇ ಬೆಳೆಯುತ್ತದೆ. ತುದಿ ನಿಮ್ಮ ಕಡೆಗೆ 1 ಮೀಟರ್ ವಾಲಿದ್ದರೆ ನಿಜವಾದ ಪಾರ್ಶ್ವ ಬಾಹು 14 ಮೀಟರ್, ಎತ್ತರ 11.3 ಮೀಟರ್ ಮಾತ್ರ. ಹೀಗಾಗಿ ದೂರವನ್ನು ಬುಡದಿಂದಲ್ಲ, ತುದಿಯ ನೇರ ಕೆಳಗಿನ ಜಾಗದಿಂದ ಅಳೆಯಬೇಕು. ಕೋನವನ್ನು ಒಂದು ಡಿಗ್ರಿ ತಪ್ಪಾಗಿ ಓದಿದರೆ ಸುಮಾರು 40 ಸೆಂ.ಮೀ. ಹೆಚ್ಚುಕಡಿಮೆಯಾಗುತ್ತದೆ. ಉತ್ತರವನ್ನು ಪರೀಕ್ಷಿಸಲು ಮರದ ಕಡೆಗೆ ನಡೆದು 10.5 ಮೀಟರ್ ದೂರದಲ್ಲಿ ನಿಂತು ಮತ್ತೊಮ್ಮೆ ತುದಿಯನ್ನು ನೋಡಿ. ಅಭಿಮುಖ ಮತ್ತು ಪಾರ್ಶ್ವ ಬಾಹುಗಳು ಈಗ ಸಮವಾಗಿದ್ದು ಅವುಗಳ ಅನುಪಾತ 1 ಆಗಿರುವುದರಿಂದ, ಮೊದಲ ಅಳತೆ ಸರಿಯಾಗಿದ್ದರೆ ದಾರವು 45ರ ಗೆರೆಯ ಮೇಲೆ ನಿಲ್ಲುತ್ತದೆ.