ಚಕ್ರಬಡ್ಡಿ: ಎಕ್ಸೆಲ್ ಮೊತ್ತಕ್ಕೂ ಬ್ಯಾಂಕ್ ಸ್ಟೇಟ್‌ಮೆಂಟಿಗೂ 0.01 ವ್ಯತ್ಯಾಸ ಬಂದಾಗ

ಒಂದು ಠೇವಣಿಯ ಲೆಕ್ಕ ತಾಳೆ ನೋಡುತ್ತಿದ್ದೆ. ಅಸಲು 1,00,000, ಬಡ್ಡಿ ವರ್ಷಕ್ಕೆ ಶೇ 7, ಮೂರು ತಿಂಗಳಿಗೊಮ್ಮೆ ಬಡ್ಡಿ ಅಸಲಿಗೆ ಸೇರುತ್ತದೆ. ಎಕ್ಸೆಲ್‌ನಲ್ಲಿ B1ರಲ್ಲಿ ಅಸಲು, B2ರಲ್ಲಿ ದರ ಇಟ್ಟು ಎಲ್ಲರೂ ಬರೆಯುವ ಸೂತ್ರವನ್ನೇ ಬರೆದೆ:

```
=B1*(1+B2/4)^4
```

ಉತ್ತರ 107185.90. ಸ್ಟೇಟ್‌ಮೆಂಟಿನಲ್ಲಿ ಇದ್ದದ್ದು 107185.91. ಇಷ್ಟು ಸಣ್ಣ ವ್ಯತ್ಯಾಸವನ್ನು ಬಿಟ್ಟುಬಿಡಬಹುದು ಅನ್ನುವವರಿದ್ದಾರೆ. ನಾನು ಬಿಡುವುದಿಲ್ಲ. ಅದು ಎಲ್ಲಿಂದ ಬಂತು ಎಂದು ತಿಳಿದರೆ ಬ್ಯಾಂಕು ಯಾವ ನಿಯಮದಿಂದ ಬಡ್ಡಿ ಹಾಕುತ್ತಿದೆ ಎಂಬುದೇ ಗೊತ್ತಾಗುತ್ತದೆ.

ಸೂತ್ರದಲ್ಲಿ ತಪ್ಪಿಲ್ಲ. `FV` ಫಂಕ್ಷನ್‌ನಲ್ಲಿ ಹಾಕಿದರೂ ಅದೇ ಉತ್ತರ ಬರುತ್ತದೆ. ಆದರೆ ಈ ಸೂತ್ರ ನಡುವೆ ಎಲ್ಲಿಯೂ ರೌಂಡ್ ಮಾಡುವುದಿಲ್ಲ. ಒಳಗಿರುವ ನಿಜವಾದ ಮೌಲ್ಯ 107185.9031 ಚಿಲ್ಲರೆ. ಸೆಲ್ ಫಾರ್ಮ್ಯಾಟಿನಲ್ಲಿ ಎರಡು ದಶಮಾಂಶ ಇಟ್ಟರೆ ಕಾಣುವುದು ಮಾತ್ರ ಬದಲಾಗುತ್ತದೆ, ಲೆಕ್ಕ ಪೂರ್ತಿ ಸಂಖ್ಯೆಯಲ್ಲೇ ಮುಂದುವರಿಯುತ್ತದೆ. ಬ್ಯಾಂಕು ಹಾಗೆ ಮಾಡಲಾಗದು. ಪ್ರತಿ ತ್ರೈಮಾಸಿಕದ ಕೊನೆಗೆ ಒಂದು ಮೊತ್ತವನ್ನು ಖಾತೆಗೆ ಜಮಾ ಮಾಡಲೇಬೇಕು, ಆ ಮೊತ್ತಕ್ಕೆ ಎರಡೇ ದಶಮಾಂಶ. ಮುಂದಿನ ಬಡ್ಡಿ ಆ ರೌಂಡಾದ ಶಿಲ್ಕಿನ ಮೇಲೆ.

ಹಾಗಾಗಿ ಒಂದೇ ಸೂತ್ರವನ್ನು ಬಿಟ್ಟು, ಜಮೆಗೊಂದು ಸಾಲಿನಂತೆ ಕೋಷ್ಟಕ ಹಾಕಿದೆ. B ಕಾಲಮ್ಮಿನಲ್ಲಿ ಆರಂಭದ ಶಿಲ್ಕು, Cಯಲ್ಲಿ ಬಡ್ಡಿ, Dಯಲ್ಲಿ ಕೊನೆಯ ಶಿಲ್ಕು, Eಯಲ್ಲಿ ಸ್ಟೇಟ್‌ಮೆಂಟಿನಿಂದ ನೋಡಿ ಟೈಪ್ ಮಾಡಿದ ಬಡ್ಡಿ, Fನಲ್ಲಿ ವ್ಯತ್ಯಾಸ.

```
B5: =B1
C5: =ROUND(B5*$B$2/4,2)
D5: =B5+C5
F5: =ROUND(C5-E5,2)
B6: =D5
```

C, D, F ಕಾಲಮ್ಮುಗಳನ್ನು 5ನೇ ಸಾಲಿನಿಂದ 8ರವರೆಗೆ, B6ನ್ನು B8ರವರೆಗೆ ಎಳೆದರೆ ನಾಲ್ಕು ತ್ರೈಮಾಸಿಕ ಮುಗಿಯಿತು. Fನಲ್ಲೂ `ROUND` ಬೇಕು. ಇಲ್ಲದಿದ್ದರೆ ಎರಡೂ ಸರಿಯಾಗಿದ್ದಾಗಲೂ ಕಳೆದ ಮೇಲೆ ಸೊನ್ನೆಯ ಬದಲು ಅತಿ ಸಣ್ಣ ಶೇಷ ಉಳಿಯಬಹುದು.

ಮೊದಲ ಬಡ್ಡಿ 1750.00, ಅದರಲ್ಲಿ ಏನೂ ತಿಳಿಯುವುದಿಲ್ಲ. ಎರಡನೆಯದೇ ಮುಖ್ಯ. 101750ಕ್ಕೆ ಬಡ್ಡಿ 1780.625, ಸರಿಯಾಗಿ ಅರ್ಧದಲ್ಲಿ ನಿಂತಿದೆ. `ROUND` ಅದನ್ನು 1780.63 ಮಾಡುತ್ತದೆ, ಸ್ಟೇಟ್‌ಮೆಂಟಿನಲ್ಲೂ ಅದೇ ಇತ್ತು. ಮೂರನೆಯದು 1811.79, ನಾಲ್ಕನೆಯದು 1843.49, ಕೊನೆಯ ಶಿಲ್ಕು 107185.91. F ಕಾಲಮ್ ಪೂರ್ತಿ ಸೊನ್ನೆ.

ಅಲ್ಲಿಗೇ ನಿಲ್ಲಿಸದೆ ಉಳಿದ ನಿಯಮಗಳನ್ನೂ ಹಾಕಿ ನೋಡಿದೆ. ಬ್ಯಾಂಕು ಮೂರನೇ ದಶಮಾಂಶವನ್ನು ಸುಮ್ಮನೆ ಕತ್ತರಿಸುತ್ತಿದ್ದರೆ, ಅಂದರೆ `ROUNDDOWN` ರೀತಿ, ಬಡ್ಡಿಗಳು 1780.62, 1811.78, 1843.49 ಆಗಿ ಕೊನೆಗೆ 107185.89 ನಿಲ್ಲುತ್ತದೆ. ಸರಿಯಾಗಿ ಅರ್ಧ ಬಂದಾಗ ಸಮಸಂಖ್ಯೆಯ ಕಡೆಗೆ ವಾಲುವ ಇನ್ನೊಂದು ಪದ್ಧತಿಯಿದೆ. ಅದರಲ್ಲಿ 1780.62, 1811.79, 1843.49 ಬಂದು ಕೊನೆಯ ಮೊತ್ತ 107185.90 ಆಗುತ್ತದೆ. ಇದನ್ನು ಗಮನಿಸಿ: ರೌಂಡೇ ಮಾಡದ ಮೊದಲ ಸೂತ್ರದ ಉತ್ತರವೂ 107185.90. ಅಂಥ ಬ್ಯಾಂಕಾಗಿದ್ದರೆ ಕೊನೆಯ ಮೊತ್ತ ತಾಳೆಯಾಯಿತೆಂದು ಫೈಲು ಮುಚ್ಚಿಬಿಡುತ್ತಿದ್ದೆವು, ಎರಡೂ ಲೆಕ್ಕದ ದಾರಿ ಬೇರೆ ಎಂಬುದು ಗೊತ್ತೇ ಆಗುತ್ತಿರಲಿಲ್ಲ. ಅದಕ್ಕೇ ನಾನು ಕೊನೆಯ ಶಿಲ್ಕನ್ನಲ್ಲ, ಒಂದೊಂದು ಜಮೆಯನ್ನೂ ಹೋಲಿಸುತ್ತೇನೆ.

ವ್ಯತ್ಯಾಸ ದೊಡ್ಡದಿದ್ದರೆ ರೌಂಡಿಂಗ್ ಮೇಲೆ ಹಾಕಬಾರದು. ಎರಡು ದಶಮಾಂಶಕ್ಕೆ ರೌಂಡ್ ಮಾಡಿದಾಗ ಒಂದು ಜಮೆಗೆ ಹೆಚ್ಚೆಂದರೆ 0.005 ಏರುಪೇರು, ನಾಲ್ಕು ಜಮೆಗೆ ಸುಮಾರು 0.02, ಕತ್ತರಿಸುವ ಪದ್ಧತಿಯಾದರೆ 0.04ರ ಆಸುಪಾಸು. ಬಡ್ಡಿಯನ್ನು ಪೂರ್ಣ ಸಂಖ್ಯೆಗೇ ರೌಂಡ್ ಮಾಡುವ ಬ್ಯಾಂಕಾದರೆ ಇದೇ ಠೇವಣಿ 107187.00 ಆಗುತ್ತದೆ, ಆದರೆ ಆಗ ಸ್ಟೇಟ್‌ಮೆಂಟಿನ ಬಡ್ಡಿಗಳೆಲ್ಲ .00ರಲ್ಲಿ ಮುಗಿಯುವುದರಿಂದ ನೋಡಿದ ಕೂಡಲೇ ತಿಳಿಯುತ್ತದೆ.

ಅದಕ್ಕೂ ಮೀರಿದ್ದರೆ ಮೊದಲು ನೋಡಬೇಕಾದದ್ದು ದಿನಗಳ ಎಣಿಕೆ. ವರ್ಷವನ್ನು ನಾಲ್ಕು ಸಮಪಾಲು ಮಾಡದೆ ನಿಜವಾದ ದಿನ ಎಣಿಸುವ ಬ್ಯಾಂಕಿನಲ್ಲಿ, 90 ದಿನದ ತ್ರೈಮಾಸಿಕಕ್ಕೆ ಬಡ್ಡಿ 1750 ಅಲ್ಲ, 1726.03. ಮೊದಲ ಸಾಲಿನಲ್ಲೇ 23.97 ಅಂತರ, ಯಾವ ರೌಂಡಿಂಗೂ ಇದನ್ನು ತುಂಬಲಾರದು. ಆಗ G ಕಾಲಮ್ಮಿನಲ್ಲಿ ದಿನಗಳನ್ನು ಬರೆದು Cಯನ್ನು ಹೀಗೆ ಬದಲಿಸುತ್ತೇನೆ:

```
=ROUND(B5*$B$2*G5/365,2)
```

ಅಧಿಕ ವರ್ಷ ಬಂದರೆ ಛೇದ 365 ಇರುತ್ತದೋ 366 ಆಗುತ್ತದೋ ಎಂಬುದು ಠೇವಣಿಯ ಷರತ್ತುಗಳಲ್ಲಿ ಇರುತ್ತದೆ. ಊಹಿಸಿ ಹಾಕುವ ಬದಲು ಅದನ್ನು ಓದಿಯೇ ಸೂತ್ರಕ್ಕೆ ಸೇರಿಸುತ್ತೇನೆ.