ಫೋಟೊದಲ್ಲಿ ಇರುವವರು ಯಾರು? ಛಾಯಾಗ್ರಾಹಕರನ್ನು ಕೇಳುವುದು ಹೀಗೆ

ಕಲಾ ಪ್ರದರ್ಶನದ ಉದ್ಘಾಟನೆಯ ಫೋಟೊ. ಅಡಿಯಲ್ಲಿ ಛಾಯಾಗ್ರಾಹಕರ ಹೆಸರಿದೆ, ನಿಂತವರ ಹೆಸರಿಲ್ಲ. ಆಗ ಹೆಚ್ಚಿನವರು ಕಳಿಸುವ ಇಮೇಲ್ ಒಂದೇ ಸಾಲಿನದು: 'ಸರ್, ನಿಮ್ಮ ಆ ಫೋಟೊದಲ್ಲಿ ಇರುವವರು ಯಾರು?' ಒಂದೇ ಸಂಜೆ ನೂರಾರು ಫೋಟೊ ತೆಗೆದವರು ಇದಕ್ಕೆ ಏನಂತ ಉತ್ತರ ಬರೆಯಬೇಕು?

ಮೊದಲು ಅಡಿಯ ಸಾಲನ್ನು ಸರಿಯಾಗಿ ಓದಿ. 'ಚಿತ್ರ' ಎಂದಿದ್ದರೆ ತೆಗೆದವರು ಅವರೇ. 'ಕೃಪೆ' ಅಥವಾ 'ಸಂಗ್ರಹ' ಎಂದಿದ್ದರೆ ಫೋಟೊ ಕೊಟ್ಟವರು ಮಾತ್ರ ಇರಬಹುದು. ಅವರಿಗೆ ತೆಗೆದವರು ಯಾರೆಂದು ಕೇಳಿ ಮುಂದುವರಿಯಿರಿ.

ಆಮೇಲೆ ಫೋಟೊ ಹುಡುಕಲು ಸುಳಿವು ಕೊಡಿ. ಪ್ರದರ್ಶನದ ಹೆಸರು, ದಿನಾಂಕ, ಫೋಟೊ ನಿಮಗೆ ಸಿಕ್ಕ ಪುಸ್ತಕದ ಪುಟ, ಇಷ್ಟು ಸಾಕು. ಫೈಲ್ ನಿಮ್ಮ ಹತ್ತಿರ ಇದ್ದರೆ ಅದರ ಹೆಸರನ್ನೂ ಬರೆಯಿರಿ. DSC_ ಎಂದು ಶುರುವಾಗುವ ಹೆಸರು ಕ್ಯಾಮೆರಾವೇ ಕೊಟ್ಟದ್ದು, ಅವರ ಹಾರ್ಡ್ ಡಿಸ್ಕ್‌ನಲ್ಲಿ ಅದೇ ಹೆಸರಲ್ಲಿ ಇರುವ ಸಾಧ್ಯತೆ ಜಾಸ್ತಿ. ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿ ಫೋಟೊವಾಗಿ ಬಂದದ್ದಾದರೆ ಈ ಹೆಸರೂ ಬದಲಾಗಿರುತ್ತದೆ, ಫೈಲಿನ ಒಳಗಿನ ದಿನಾಂಕವೂ ಹೋಗಿರುತ್ತದೆ. ಅದನ್ನು ನಂಬಬೇಡಿ.

ಈಗ ಎಲ್ಲರೂ ಎಡವುವ ಜಾಗ. ಯಾರ ಬಗ್ಗೆ ಕೇಳುತ್ತಿದ್ದೀರಿ ಎಂದು ತೋರಿಸುವುದು ಹೇಗೆ? 'ಎಡದಿಂದ ಮೂರನೆಯವರು' ಎಂದು ಬರೆದರೆ ಸಾಕಲ್ವಾ? ಸಾಲದು. ಒಂದು ಸ್ಮರಣ ಸಂಚಿಕೆಗಾಗಿ ನಾನೂ ಹಾಗೇ ಕೇಳಿದ್ದೆ. ಅಚ್ಚಾದ ಫೋಟೊದಲ್ಲಿ ಐದು ಜನ ಇದ್ದರು. ಛಾಯಾಗ್ರಾಹಕರು ತಮ್ಮ ಮೂಲ ಫೋಟೊ ತೆರೆದು ಎಣಿಸಿದರು. ಅದರಲ್ಲಿ ಆರು ಜನ! ಪುಟಕ್ಕೆ ಹೊಂದಿಸುವಾಗ ಎಡತುದಿಯಲ್ಲಿ ದೀಪದ ಪಕ್ಕ ನಿಂತಿದ್ದವರನ್ನು ಕತ್ತರಿಸಿದ್ದರು. ಅವರ ಲೆಕ್ಕದ ಮೂರನೆಯವರು ನನ್ನ ಲೆಕ್ಕದಲ್ಲಿ ಎರಡನೆಯವರು. ಪಕ್ಕದವರ ಹೆಸರು ಅಚ್ಚಾಯಿತು. ಸಂಚಿಕೆ ಕೈಗೆ ಬಂದ ಮೇಲೆ ಅವರೇ ಫೋನ್ ಮಾಡಿ 'ಅದು ನಾನಲ್ಲ' ಅಂದರು.

ಹಾಗಾಗಿ ನಿಮ್ಮ ಕಣ್ಣೆದುರು ಇರುವ ಫೋಟೊವನ್ನೇ, ಕತ್ತರಿಸಿದ್ದು ಕತ್ತರಿಸಿದ ಹಾಗೇ, ಇಮೇಲ್‌ಗೆ ಲಗತ್ತಿಸಿ. ಅದರ ಮೇಲೆ 1, 2, 3 ಎಂದು ಬರೆಯಿರಿ. ಅಂಕಿ ಎದೆಯ ಮೇಲೆ ಇರಲಿ. ಮುಖದ ಮೇಲೆ ಬರೆದು ಕಳಿಸಿದವರನ್ನೂ ನೋಡಿದ್ದೇನೆ, ಗುರುತು ಹಿಡಿಯಬೇಕಾದದ್ದು ಅದೇ ಮುಖವನ್ನಲ್ವಾ! ಅಂಕಿ ಇಲ್ಲದ ಪ್ರತಿಯೂ ಜೊತೆಗಿರಲಿ. ಹಿಂದಿನ ಸಾಲಿನಲ್ಲಿ ಅರ್ಧ ಮುಖ ಕಾಣುವವರಿಗೂ ಅಂಕಿ ಹಾಕಿ. ಅವರನ್ನು ಬಿಟ್ಟರೆ ಲೆಕ್ಕ ಮತ್ತೆ ತಪ್ಪುತ್ತದೆ. ಫೋಟೊ ಎಡಬಲ ತಿರುಗಿ ಅಚ್ಚಾಗಿದೆಯೇ ಎಂದೂ ನೋಡಿ. ಹಿಂದಿನ ಬ್ಯಾನರಿನ ಅಕ್ಷರ ಕನ್ನಡಿಯಲ್ಲಿ ಕಂಡಂತೆ ಇದ್ದರೆ ತಿರುಗಿದೆ ಎಂದರ್ಥ.

ಇಮೇಲ್ ಇಷ್ಟೇ ಇರಲಿ:

'ನಮಸ್ಕಾರ ಸರ್. ಪ್ರದರ್ಶನದ ಕ್ಯಾಟಲಾಗ್‌ನ 14ನೇ ಪುಟದಲ್ಲಿ ನೀವು ತೆಗೆದ ಉದ್ಘಾಟನೆಯ ಫೋಟೊ ಇದೆ. ಅದರ ಪ್ರತಿಯನ್ನು ಲಗತ್ತಿಸಿದ್ದೇನೆ. 1 ಮತ್ತು 4 ಯಾರೆಂದು ನಮಗೆ ಗೊತ್ತು. 2, 3 ಮತ್ತು 5ನೆಯವರ ಹೆಸರು ತಿಳಿಸುತ್ತೀರಾ? ಪ್ರದರ್ಶನದ ಬಗ್ಗೆ ಬರೆಯುತ್ತಿರುವ ಲೇಖನದಲ್ಲಿ ಆ ಹೆಸರುಗಳು ಬರಬೇಕು. ನಿಮಗೆ ಖಚಿತವಿಲ್ಲದ ಹೆಸರಿನ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿ. ಗೊತ್ತಿಲ್ಲದಿದ್ದರೆ, ಯಾರನ್ನು ಕೇಳಬಹುದು ಎಂದು ಹೇಳಿದರೂ ಸಾಕು.'

ಕೊನೆಯ ಎರಡು ಸಾಲುಗಳನ್ನು ಬಿಡಲೇಬೇಡಿ. ಆ ಪ್ರಶ್ನಾರ್ಥಕ ಚಿಹ್ನೆಗೆ ಅವಕಾಶ ಕೊಡದಿದ್ದರೆ ಅಂದಾಜಿನ ಹೆಸರೂ ಖಚಿತವಾದ ಹೆಸರಿನ ಹಾಗೇ ಬಂದುಬಿಡುತ್ತದೆ. ಛಾಯಾಗ್ರಾಹಕರು ಎಲ್ಲರ ಹೆಸರನ್ನೂ ಬರೆದಿಟ್ಟುಕೊಂಡಿರುವುದಿಲ್ಲ. ಅತಿಥಿಗಳ ಪಟ್ಟಿ ಇರುವುದು ಆಯೋಜಕರ ಬಳಿ.

ನಿಮಗೆ ಗೊತ್ತಿರುವ ಹೆಸರುಗಳ ಬಗ್ಗೆ ನನ್ನದೊಂದು ಹಟವಿದೆ. ಅವನ್ನು ಇಮೇಲ್‌ನಲ್ಲಿ ಬರೆಯಬೇಡಿ. ಬರೆದರೆ ಅವರು ಸುಮ್ನೆ 'ಹೌದು' ಅಂದುಬಿಡಬಹುದು.

ಫೋಟೊ ಅಚ್ಚು ಹಾಕಲು ಅನುಮತಿ ಬೇಕಿದ್ದರೆ ಬೇರೆ ಇಮೇಲ್ ಬರೆಯಿರಿ. ಎರಡನ್ನೂ ಸೇರಿಸಿದರೆ ಹಣ, ಹಕ್ಕಿನ ಮಾತು ಮುಗಿಯುವವರೆಗೆ ಹೆಸರುಗಳೂ ಬರುವುದಿಲ್ಲ.

ವಾರ ಕಳೆದರೂ ಉತ್ತರ ಬಾರದಿದ್ದರೆ ಅದೇ ಇಮೇಲ್‌ನ ಕೆಳಗೆ ಒಂದು ಸಾಲು ನೆನಪಿಸಿ, ಲಗತ್ತು ಮತ್ತೆ ಸೇರಿಸಿ. ಹೆಸರು ಬಂದ ಮೇಲೆ ಅಡಿಬರಹವನ್ನು ಪೂರ್ತಿ ಬರೆದು ಒಮ್ಮೆ ಅವರಿಗೆ ತೋರಿಸಿ. ಇನಿಷಿಯಲ್ ಮುಂದೆ ಬರಬೇಕೋ ಹಿಂದೆಯೋ, 'ಶ'ವೋ 'ಷ'ವೋ ಎಂಬುದು ಅಲ್ಲೇ ಇತ್ಯರ್ಥವಾಗುತ್ತದೆ.