ಹೊಟ್ಟೆನೋವೆಂದು ಅಳುವ ಮಗುವಿಗೆ ಇಂಗಿನ ನೀರು ಬೇಡ, ಹೀಗೆ ಮಾಡಿ

ಸಂಜೆ ಏಳು ಗಂಟೆ. ಐದು ವಾರದ ಮಗು ಕಾಲು ಮಡಚಿಕೊಂಡು, ಮುಖ ಕೆಂಪಗೆ ಮಾಡಿಕೊಂಡು ಅಳುತ್ತಿದೆ. "ಗ್ಯಾಸ್ ಕಣಮ್ಮ, ಚೂರು ಇಂಗು ಕದಡಿ ಹೊಕ್ಕುಳ ಸುತ್ತ ಹಚ್ಚು" ಅನ್ನುತ್ತಾರೆ ಅಜ್ಜಿ. ಹಚ್ಚಿದ ಮೇಲೆ ಅಳು ಕಡಿಮೆಯಾಗುವುದೂ ಉಂಟು. ಆದರೆ ಚರ್ಮದ ಮೇಲಿನ ಇಂಗು ಕರುಳಿನ ಗ್ಯಾಸ್ ಹೊರಹಾಕುತ್ತದೆ ಅನ್ನಲು ಆಧಾರವಿಲ್ಲ. ಹಾಯೆನಿಸುವುದು ಬೆಚ್ಚಗಿನ ಕೈ ಹೊಟ್ಟೆ ಸವರುವುದರಿಂದ ಇರಬಹುದು.

ಭಯ ಯಾವುದಕ್ಕೆ? 1984ರಲ್ಲಿ ಅಮೆರಿಕದ ಒಂದು ಮಕ್ಕಳ ವೈದ್ಯಕೀಯ ಪತ್ರಿಕೆಯಲ್ಲಿ ಐದು ವಾರದ ಮಗುವೊಂದರ ವರದಿ ಬಂತು. ಹೊಟ್ಟೆನೋವಿಗೆಂದು ಮಗುವಿಗೆ ಇಂಗಿನ ಮದ್ದು ಕೊಟ್ಟಿದ್ದರು. ಮಗುವಿಗೆ ಮೆಟ್‌ಹಿಮೋಗ್ಲೋಬಿನೀಮಿಯಾ ಆಗಿತ್ತು. ಅಂದರೆ ರಕ್ತದ ಹಿಮೋಗ್ಲೋಬಿನ್‌ನ ಕಬ್ಬಿಣ ರೂಪ ಬದಲಿಸಿಕೊಂಡು, ಆಮ್ಲಜನಕ ಹೊರಲಾಗದೆ ಉಳಿಯುವ ಸ್ಥಿತಿ. ಪ್ರಯೋಗಾಲಯದಲ್ಲಿ ನೋಡಿದಾಗ ಇಂಗು ದೊಡ್ಡವರ ಹಿಮೋಗ್ಲೋಬಿನ್‌ಗೆ ಏನೂ ಮಾಡಲಿಲ್ಲ, ಎಳೆಮಕ್ಕಳಲ್ಲಿರುವ ಬಗೆಯನ್ನು ಮಾತ್ರ ಹಾಗೆ ಕೆಡಿಸಿತು. ಕೆಟ್ಟದ್ದನ್ನು ಸರಿಪಡಿಸುವ ಕಿಣ್ವವೂ ಮೊದಲ ಕೆಲವು ತಿಂಗಳು ಮಗುವಿನಲ್ಲಿ ಕಡಿಮೆಯೇ. ನಾವು ದಿನಾ ಸಾರಿಗೆ ಹಾಕಿಕೊಂಡು ಉಣ್ಣುವ ಇಂಗು ಅದಕ್ಕೆ ಅಪಾಯವಾಗುವುದು ಹೀಗೆ.

ಒಂದು ಮಾತು ಸ್ಪಷ್ಟವಾಗಿರಲಿ. ಆ ಮಗುವಿನ ಹೊಟ್ಟೆಯೊಳಗೆ ಇಂಗು ಹೋಗಿತ್ತು. ಮೇಲೆ ಹಚ್ಚಿದರೆ ಅಪಾಯ ಅದಕ್ಕಿಂತ ತುಂಬಾ ಕಡಿಮೆ. ಆದರೆ ಹಚ್ಚಿದ ಕೈಯೇ ಮಗುವಿನ ಬಾಯಿಗೂ ಹೋಗುತ್ತದೆ. ಅಳು ನಿಲ್ಲದಿದ್ದರೆ "ನಾಲಿಗೆಗೂ ಒಂದು ತೊಟ್ಟು ಮುಟ್ಟಿಸಿ" ಅನ್ನುವವರೂ ಇದ್ದಾರೆ, ಅಲ್ವಾ? ಹೊಕ್ಕುಳು ಇನ್ನೂ ಒಣಗಿರದಿದ್ದರೆ ಸೋಂಕಿನ ಚಿಂತೆ ಬೇರೆ. ಎಳೆ ಚರ್ಮ ಉರಿದು ಕೆಂಪಾಗುವುದೂ ಇದೆ.

ಈಗಾಗಲೇ ಹಚ್ಚಿದ್ದರೆ ಗಾಬರಿ ಬೇಡ. ಉಗುರುಬೆಚ್ಚಗಿನ ನೀರಿನಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಒರೆಸಿ, ಮಗುವಿನ ಕೈ, ನಿಮ್ಮ ಕೈ ತೊಳೆಯಿರಿ. ಆಮೇಲೆ ಕೆಲವು ಗಂಟೆ ಬೆಳಕಿನಲ್ಲಿ ತುಟಿ, ನಾಲಿಗೆ, ಉಗುರು ನೋಡುತ್ತಿರಿ. ನಮ್ಮ ಮಕ್ಕಳ ಮೈಬಣ್ಣದಲ್ಲಿ ನೀಲಿ ಬೇಗ ಕಾಣುವುದಿಲ್ಲ. ಅದಕ್ಕೇ ಈ ಮೂರು ಜಾಗ. ಅವು ನೀಲಿ ಅಥವಾ ಬೂದು ಬಣ್ಣಕ್ಕೆ ತಿರುಗಿದರೆ, ಮಗು ಮಂಕಾಗಿ ಹಾಲು ಬಿಟ್ಟರೆ, ಉಸಿರಾಟ ಜೋರಾದರೆ ತಕ್ಷಣ 108ಕ್ಕೆ ಕರೆ ಮಾಡಿ. ವೈದ್ಯರಿಗೆ ಇಂಗಿನ ವಿಷಯ ಮುಚ್ಚಿಡಬೇಡಿ. ಆಮ್ಲಜನಕ ಕೊಟ್ಟರೂ ನೀಲಿ ಹೋಗದಿರುವುದು, ತೆಗೆದ ರಕ್ತ ಚಾಕೊಲೇಟ್ ಬಣ್ಣ ಇರುವುದು ಈ ತೊಂದರೆಯ ಗುರುತು. ಕಾರಣ ಗೊತ್ತಿದ್ದರೆ ಚಿಕಿತ್ಸೆ ಬೇಗ ಶುರುವಾಗುತ್ತದೆ.

ಹಾಗಾದರೆ ಸಂಜೆ ಏಳರ ಆ ಮಗುವಿಗೆ ಏನು ಮಾಡುವುದು?

ಮೊದಲು ತೇಗು ಬರಿಸಿ. ಮಗುವಿನ ಗಲ್ಲ ನಿಮ್ಮ ಭುಜದ ಮೇಲಿರಲಿ. ಒಂದು ಕೈ ಕತ್ತು, ತಲೆಗೆ ಆಧಾರವಾಗಿರಲಿ, ಇನ್ನೊಂದು ಕೈಯಿಂದ ಬೆನ್ನನ್ನು ಕೆಳಗಿಂದ ಮೇಲಕ್ಕೆ ಸವರಿ. ಐದು ಹತ್ತು ನಿಮಿಷ ಸಾಕು, ಪ್ರತಿ ಸಲವೂ ತೇಗು ಬರಲೇಬೇಕೆಂದಿಲ್ಲ. ಹಾಲು ಕುಡಿಯುವಾಗ ಚಪ್ಪರಿಸುವ ಸದ್ದು ಬರುತ್ತಿದ್ದರೆ ಮಗು ಗಾಳಿ ನುಂಗುತ್ತಿದೆ. ಮೊಲೆತೊಟ್ಟಿನ ಜೊತೆ ಅದರ ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಇರಬೇಕು.

ಹಾಲು ಕುಡಿದು ಅರ್ಧ ಗಂಟೆಯಾದ ಮೇಲೆ ಹೊಟ್ಟೆ ಸವರಬಹುದು. ಹೊಕ್ಕುಳಬಳ್ಳಿ ಬಿದ್ದು ಒಣಗಿರಬೇಕು. ಅಂಗೈಗೆ ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿಕೊಂಡು, ಎದುರು ಕೂತು, ಗಡಿಯಾರದ ಮುಳ್ಳು ತಿರುಗುವ ಕಡೆಗೆ ಮೆಲ್ಲಗೆ ಸುತ್ತಿಸಿ. ದೊಡ್ಡ ಕರುಳು ಸಾಗುವುದೂ ಅದೇ ದಿಕ್ಕಿನಲ್ಲಿ. ಆಮೇಲೆ ಮಗುವಿನ ಕಾಲುಗಳನ್ನು ಸೈಕಲ್ ತುಳಿಸಿದಂತೆ ಆಡಿಸಿ, ಎರಡೂ ಮಂಡಿಯನ್ನು ಹೊಟ್ಟೆಗೆ ತಾಗಿಸಿ ಬಿಡಿ. ಹೂಸು ಬಂದರೆ ಮನೆಯೆಲ್ಲ ಖುಷಿ!

ಆದರೂ ಅಳುತ್ತಿದ್ದರೆ ಎದೆಗೊರಗಿಸಿಕೊಂಡು ಓಡಾಡಿ. ಈ ಸಂಜೆಯ ಅಳು ಆರನೇ ವಾರದ ಹೊತ್ತಿಗೆ ಜಾಸ್ತಿಯಾಗಿ, ಮೂರು ನಾಲ್ಕು ತಿಂಗಳಿಗೆ ತಾನಾಗಿ ಇಳಿಯುತ್ತದೆ. ಎಷ್ಟೋ ಸಲ ಗ್ಯಾಸ್‌ನಿಂದ ಅಳುವುದಲ್ಲ, ಅತ್ತು ಅತ್ತು ಗಾಳಿ ನುಂಗಿ ಗ್ಯಾಸ್ ಆಗುವುದು. ನಿಮಗೇ ತಾಳ್ಮೆ ತಪ್ಪುತ್ತಿದ್ದರೆ ಮಗುವನ್ನು ತೊಟ್ಟಿಲಲ್ಲಿ ಅಂಗಾತ ಮಲಗಿಸಿ ಐದು ನಿಮಿಷ ಪಕ್ಕದ ಕೋಣೆಗೆ ಹೋಗಿ ಬನ್ನಿ. ಯಾವ ಕಾರಣಕ್ಕೂ ಕುಲುಕಬೇಡಿ.

ಹಸಿರು ವಾಂತಿ, ಮಲದಲ್ಲಿ ರಕ್ತ, ಗಟ್ಟಿಯಾಗಿ ಉಬ್ಬಿದ ಹೊಟ್ಟೆ, ಮೂರು ತಿಂಗಳೊಳಗಿನ ಮಗುವಿಗೆ 100.4 ಡಿಗ್ರಿ ಜ್ವರ – ಇವು ಸುಮ್ನೆ ಗ್ಯಾಸ್ ಅಲ್ಲ. ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಿ.